ತೂಕ ಕಮ್ಮಿ ಬಂತು: ಗೋ-ಲೈವ್ ಆದಮೇಲೆ ಬರುವ ದೂರಿನಲ್ಲಿ ಬಗ್ ಯಾವುದು, ತರಬೇತಿ ಕೊರತೆ ಯಾವುದು?

ಶಿರಸಿಯಲ್ಲಿ ಒಂದು ಅಡಿಕೆ ಮಾರಾಟ ಸಹಕಾರಿ ಸಂಘ ಇದೆ ಎಂದಿಟ್ಟುಕೊಳ್ಳೋಣ. ಸಿದ್ದಾಪುರ, ಯಲ್ಲಾಪುರ, ಕುಮಟಾಗಳಲ್ಲಿ ಅದರ ಶಾಖೆಗಳಿವೆ. ಇಲ್ಲಿಯವರೆಗೆ ತೂಕದ ರಿಜಿಸ್ಟರು, ಟೆಂಡರ್ ಚೀಟಿ, ಹಳೆಯ ಬಿಲ್ಲಿಂಗ್ ಪ್ರೋಗ್ರಾಂ ಎಲ್ಲ ಬೇರೆ ಬೇರೆಯಾಗಿದ್ದವು. ಏಪ್ರಿಲ್ 1ರಿಂದ ಎಲ್ಲವೂ ಒಂದೇ ಹೊಸ ಸಾಫ್ಟ್‌ವೇರ್‌ಗೆ ಬಂದಿವೆ. ಗೋ-ಲೈವ್ ಎನ್ನುವುದು ಇದನ್ನೇ. ಮುಂದಿನ ನಾಲ್ಕಾರು ವಾರ ಸಾಫ್ಟ್‌ವೇರ್ ಕಂಪನಿಯ ಇಬ್ಬರು ಮೂವರು ಸಂಘದ ಕಚೇರಿಯಲ್ಲೇ ಕುಳಿತಿರುತ್ತಾರೆ. ಫೋನು ಬಂದ ಕೂಡಲೇ ಎತ್ತುತ್ತಾರೆ, ಮಾಮೂಲಿ ಸಪೋರ್ಟ್‌ಗಿಂತ ಬೇಗ ಉತ್ತರ ಕೊಡುತ್ತಾರೆ. ಈ ಅವಧಿಯ ಹೆಸರು ಹೈಪರ್‌ಕೇರ್.

ಈ ಅವಧಿಯಲ್ಲಿ ದೂರು ಬರುವುದು ಸಹಜ, ಎಣಿಕೆ ಹೆಚ್ಚಾದರೂ ಗಾಬರಿ ಬೇಡ. ನಿಜವಾದ ಕೆಲಸ ಇರುವುದು ಬಂದ ದೂರನ್ನು ಬೇರ್ಪಡಿಸುವಲ್ಲಿ. ಕೆಲವು ಪಾಸ್‌ವರ್ಡ್, ಅನುಮತಿಯ ವಿಷಯ. ಕೆಲವು ಹಳೆಯ ಡೇಟಾ ತರುವಾಗ ಆದ ಎಡವಟ್ಟು, ಒಬ್ಬನೇ ಸದಸ್ಯ ಎರಡು ಖಾತೆಯಲ್ಲಿ ಕುಳಿತಂಥವು. ಕೆಲವು ಪ್ರಿಂಟರ್‌ನದ್ದು, ಕೆಲವು "ಹೀಗೂ ಇದ್ದರೆ ಚೆನ್ನಾಗಿತ್ತು" ಎಂಬ ಹೊಸ ಬೇಡಿಕೆ. ಇವನ್ನೆಲ್ಲ ಗುರುತಿಸುವುದು ಅಷ್ಟು ಕಷ್ಟವಲ್ಲ. ತಲೆಬಿಸಿ ಆಗುವುದು ಸಾಫ್ಟ್‌ವೇರ್ ತಪ್ಪೋ, ಬಳಸಿದವರಿಗೆ ಗೊತ್ತಾಗದ್ದೋ ಎಂದು ಹೇಳಲಾಗದ ದೂರುಗಳಲ್ಲಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅಂಥದ್ದೇ ಒಂದು ಜೋಡಿಯನ್ನು ಇಲ್ಲಿ ಬಿಡಿಸಿ ನೋಡೋಣ.

ಎರಡು ದೂರು, ಒಂದೇ ಮಾತು

ಮೂರನೇ ದಿನ ಮಧ್ಯಾಹ್ನ ವಾಟ್ಸಾಪ್ ಗುಂಪಿಗೆ ಶಿರಸಿ ಯಾರ್ಡಿನಿಂದ ಒಂದು ಸಂದೇಶ ಬರುತ್ತದೆ: "ಸರ್, ಬಿಲ್ಲಲ್ಲಿ ತೂಕ ಕಮ್ಮಿ ತೋರಿಸ್ತಾ ಇದೆ, ರೈತರು ಗಲಾಟೆ ಮಾಡ್ತಾ ಇದಾರೆ." ಅರ್ಧ ಗಂಟೆಗೆ ಸಿದ್ದಾಪುರದಿಂದಲೂ ಹೆಚ್ಚುಕಮ್ಮಿ ಅದೇ ಮಾತು: "ನಮ್ಮಲ್ಲೂ ತೂಕ ಕಮ್ಮಿ."

ಇಂಥ ಹೊತ್ತಿನಲ್ಲಿ ಎರಡನ್ನೂ ಒಂದೇ ಟಿಕೆಟ್‌ಗೆ ಸೇರಿಸಿ "ತೂಕದ ಸಮಸ್ಯೆ" ಎಂದು ಹೆಸರಿಟ್ಟುಬಿಡುವ ಆಸೆ ಆಗುತ್ತದೆ. ಸೇರಿಸಬಾರದು. ಲಕ್ಷಣ ಒಂದೇ ಆದ ಮಾತ್ರಕ್ಕೆ ಕಾರಣವೂ ಒಂದೇ ಆಗಿರಬೇಕಿಲ್ಲ. ಕಾರಣ ಒಂದೇ ಎಂದು ಗೊತ್ತಾದ ಮೇಲೆ ಎರಡು ಟಿಕೆಟ್ ಜೋಡಿಸುವುದು ಒಂದು ನಿಮಿಷದ ಕೆಲಸ. ಮೊದಲೇ ಬೆರೆಸಿದ್ದನ್ನು ಬಿಡಿಸಲು ಹೋದರೆ ಅರ್ಧ ದಿನ ಹೋಗುತ್ತದೆ.

ವಾಟ್ಸಾಪ್ ಬಗ್ಗೆಯೂ ಒಂದು ಮಾತು. ಗುಂಪಿನಲ್ಲಿ ಹಾಕಬೇಡಿ, ಪೋರ್ಟಲ್‌ನಲ್ಲೇ ಟಿಕೆಟ್ ಮಾಡಿ ಎಂದು ಎಷ್ಟು ಹೇಳಿದರೂ ನಡೆಯುವುದಿಲ್ಲ. ತಕ್ಕಡಿ ಮುಂದೆ ಸಾಲು ನಿಂತಿರುವಾಗ ಯಾರೂ ಪೋರ್ಟಲ್ ತೆರೆಯುವುದಿಲ್ಲ. ಅದರ ಬದಲು ಗುಂಪನ್ನು ನೋಡಿ ಟಿಕೆಟ್ ಬರೆಯಲೆಂದೇ ಒಬ್ಬರನ್ನು ನೇಮಿಸಿ. ಆ ಒಬ್ಬರು ಪ್ರತಿ ದೂರಿಗೂ ತಿರುಗಿ ಫೋನು ಮಾಡಿ ನಾಲ್ಕು ವಿಷಯ ಕೇಳಬೇಕು: ಯಾವ ಲಾಟ್ ನಂಬರು, ಯಾವ ಪರದೆಯಲ್ಲಿ, ಏನು ಟೈಪ್ ಮಾಡಿದಿರಿ, ಏನು ಬರಬೇಕಿತ್ತು ಮತ್ತು ಏನು ಬಂತು. "ಎರರ್ ಬಂತು", "ಸರಿ ಇಲ್ಲ" ಎಂಬುದನ್ನು ಹಾಗೇ ಟಿಕೆಟ್‌ಗೆ ಇಳಿಸಿದರೆ ಮುಂದಿನವರಿಗೆ ಏನೂ ಸಿಗುವುದಿಲ್ಲ. ಲಾಟ್ ನಂಬರ್ ಇಲ್ಲದ ತೂಕದ ದೂರನ್ನು ಹುಡುಕುತ್ತ ಕೂರುವಷ್ಟು ಸಮಯ ಆ ವಾರಗಳಲ್ಲಿ ಯಾರಿಗೂ ಇರುವುದಿಲ್ಲ.

ತುರ್ತು ಎಷ್ಟು ಎಂಬುದು ಬಗ್ಗೋ ತರಬೇತಿಯೋ ಎಂಬ ಪ್ರಶ್ನೆಗಿಂತ ಬೇರೆ. ಅದನ್ನು ಮೊದಲೇ ತೀರ್ಮಾನಿಸಬಹುದು. ರೈತರ ಕೈಗೆ ಹೋಗುವ ಹಣ ತಪ್ಪಾಗುತ್ತಿದ್ದರೆ ಅಥವಾ ಟೆಂಡರ್ ನಿಲ್ಲುವಂತಿದ್ದರೆ ಅದು ಮೊದಲ ದರ್ಜೆ, ಕಾರಣ ಏನೇ ಇರಲಿ. ಇಲ್ಲಿ ತೂಕ ತಪ್ಪಾದರೆ ಹಣ ತಪ್ಪುತ್ತದೆ. ಹಾಗಾಗಿ ಎರಡೂ ಮೊದಲ ದರ್ಜೆಯವೇ. ಕಾರಣ ಗೊತ್ತಾಗುವವರೆಗೆ ಸಂಶಯ ಇರುವ ಲಾಟ್‌ಗಳ ಬಿಲ್ ಹಣ ಪಾವತಿಯಾಗದಂತೆ ತಡೆದಿಡಬೇಕು, ತೂಕ ನಡೆಯುತ್ತಿರಲಿ. ತೂಕವನ್ನೇ ನಿಲ್ಲಿಸಿದರೆ ಅಡಿಕೆ ತಂದ ರೈತರು ಯಾರ್ಡಿನಲ್ಲೇ ಉಳಿಯುತ್ತಾರೆ, ಮರುದಿನ ಸಂಘದ ಆಡಳಿತ ಮಂಡಳಿಯೇ ಹಳೆಯ ಪ್ರೋಗ್ರಾಂಗೆ ಹೋಗೋಣ ಎನ್ನುತ್ತದೆ.

ಮೂರು ಸಂಖ್ಯೆ ಹುಡುಕಿ

ಬಗ್ಗೋ ತರಬೇತಿಯೋ ಎಂದು ಚರ್ಚೆ ಮಾಡುವ ಮೊದಲು ಮೂರು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದುಕೊಳ್ಳಬೇಕು. ಮೊದಲನೆಯದು ಬಳಸಿದವರು ನಿಜವಾಗಿ ಕೊಟ್ಟದ್ದು, ಎರಡನೆಯದು ಸಾಫ್ಟ್‌ವೇರ್ ಉಳಿಸಿಕೊಂಡದ್ದು, ಮೂರನೆಯದು ಒಪ್ಪಿದ ನಿಯಮದ ಪ್ರಕಾರ ಬರಬೇಕಿದ್ದದ್ದು. ಕೊಟ್ಟದ್ದು ಸರಿ ಇದ್ದು ಉಳಿದದ್ದು ತಪ್ಪಾದರೆ ಬಗ್. ಕೊಟ್ಟದ್ದೇ ತಪ್ಪಾಗಿದ್ದು ಸಾಫ್ಟ್‌ವೇರ್ ಅದಕ್ಕೆ ಸರಿಯಾಗಿ ಲೆಕ್ಕ ಹಾಕಿದ್ದರೆ ತರಬೇತಿಯದ್ದು ಅಥವಾ ಪರದೆಯದ್ದು. ಎರಡೂ ಸರಿ ಇದ್ದು ಬಳಕೆದಾರರು ನಿರೀಕ್ಷಿಸಿದ್ದು ಬೇರೆಯಾಗಿದ್ದರೆ ನಿಯಮವೇ ಸರಿಯಾಗಿ ಒಪ್ಪಿಗೆಯಾಗಿಲ್ಲ, ಅದನ್ನು ಸಂಘದವರೊಂದಿಗೆ ಕುಳಿತು ಬಗೆಹರಿಸಬೇಕು.

ನಮ್ಮ ಉದಾಹರಣೆಯಲ್ಲಿ ನಿಯಮ ಸರಳ. ಚೀಲ ಸಮೇತ ತೂಗಬೇಕು. ಒಂದು ಚೀಲಕ್ಕೆ 0.8 ಕಿಲೋ ಕಳೆಯಬೇಕು. ಉಳಿದದ್ದು ನಿವ್ವಳ ತೂಕ. ಈ 0.8 ಚೀಲದ ಮಾಸ್ಟರ್ ಪಟ್ಟಿಯಲ್ಲಿ ದಾಖಲಾಗಿದೆ, ಸಾಫ್ಟ್‌ವೇರ್ ತಾನೇ ಕಳೆಯುತ್ತದೆ.

ಶಿರಸಿಯ ಲಾಟ್‌ನಲ್ಲಿ ಆರು ಚೀಲ ರಾಶಿ ದರ್ಜೆಯ ಅಡಿಕೆ. ತಕ್ಕಡಿ ಚೀಟಿಯಲ್ಲಿ 392.4 ಕಿಲೋ. ಆರು ಚೀಲಕ್ಕೆ 4.8 ಕಳೆದರೆ 387.6 ಬರಬೇಕು. ಬಿಲ್ಲಿನಲ್ಲಿ ಬಂದದ್ದು 382.8. ಅಂದರೆ 4.8 ಎರಡು ಸಲ ಕಳೆದುಹೋಗಿದೆ.

ಸಿದ್ದಾಪುರದ ಲಾಟ್‌ನಲ್ಲಿ ಐದು ಚೀಲ. ಚೀಟಿಯಲ್ಲಿ 331.0, ಬರಬೇಕಿದ್ದದ್ದು 327.0, ಬಂದದ್ದು 323.0. ಇಲ್ಲೂ ನಾಲ್ಕು ಕಿಲೋ ಎರಡು ಸಲ ಕಳೆದಿದೆ.

ಇಲ್ಲಿಯವರೆಗೆ ಬಂದವರು ಬಹುತೇಕ "ಸಾಫ್ಟ್‌ವೇರ್ ಎರಡು ಸಲ ಚೀಲ ಕಳೆಯುತ್ತಿದೆ, ಬಗ್" ಎಂದು ಬರೆದು ಡೆವಲಪರ್‌ಗೆ ಕಳಿಸಿಬಿಡುತ್ತಾರೆ. ಮುಂದೆ ನಡೆಯುವುದು ಇಷ್ಟು: ಡೆವಲಪರ್ ಪರೀಕ್ಷಾ ಸರ್ವರ್‌ನಲ್ಲಿ ಹೊಸ ಲಾಟ್ ಹಾಕುತ್ತಾರೆ, 331.0 ಮತ್ತು 5 ಕೊಡುತ್ತಾರೆ, 327.0 ಬರುತ್ತದೆ. "ಇಲ್ಲಿ ಸರಿ ಬರ್ತಾ ಇದೆ" ಎಂದು ಬರೆದು ತರಬೇತಿಯ ಬುಟ್ಟಿಗೆ ಹಾಕಿ ಮುಚ್ಚುತ್ತಾರೆ. ಮರುದಿನ ಎರಡೂ ಕಡೆಯಿಂದ ಅದೇ ದೂರು ಮತ್ತೆ ಬರುತ್ತದೆ, ಈ ಸಲ ದನಿ ಜೋರಾಗಿರುತ್ತದೆ.

ಮಾಡಬೇಕಾದದ್ದು ಆ ಲಾಟ್‌ಗಳ ಇತಿಹಾಸ ನೋಡುವುದು. ಯಾರು, ಎಷ್ಟು ಹೊತ್ತಿಗೆ, ಯಾವ ಕಲಂನಲ್ಲಿ ಏನು ಹಾಕಿದರು, ಆಮೇಲೆ ಏನು ಬದಲಿಸಿದರು ಎಂಬುದನ್ನು ಬರೆದಿಡುವ ಆಡಿಟ್ ಲಾಗ್ ಇಲ್ಲದಿದ್ದರೆ ಹೈಪರ್‌ಕೇರ್ ಬರೀ ಊಹೆಯ ಮೇಲೆ ನಡೆಯುತ್ತದೆ. ಸಿಸ್ಟಮ್ ನಿಧಾನವಾಗುತ್ತದೆಂದು ಗೋ-ಲೈವ್ ಹೊತ್ತಿಗೆ ಇದನ್ನು ಆಫ್ ಮಾಡಿಟ್ಟವರೂ ಇದ್ದಾರೆ. ಕನಿಷ್ಠ ಹಣ ಮತ್ತು ತೂಕದ ಕೋಷ್ಟಕಗಳಿಗಾದರೂ ಅದು ಆನ್ ಇರಬೇಕು. ಎರಡು ಲಾಟ್‌ಗಳ ಲಾಗ್ ಹೀಗಿದೆ:

```
11:05:20 srs04 INSERT lot=R-212 gross=387.6 bags=6 net=382.8
11:42:11 sdp02 INSERT lot=S-118 gross=331.0 bags=5 net=327.0
12:20:37 sdp02 UPDATE lot=S-118 grade=BETTE->RASHI net=327.0->323.0
```

ಗುಟ್ಟು ಇಲ್ಲಿದೆ. ಶಿರಸಿಯಲ್ಲಿ ಬಳಕೆದಾರರು ತೂಕದ ಕಲಂನಲ್ಲಿ ಹಾಕಿದ್ದೇ 387.6. ಅಂದರೆ ಚೀಲದ ತೂಕವನ್ನು ತಾವೇ ಮನಸ್ಸಿನಲ್ಲಿ ಕಳೆದು ನಿವ್ವಳವನ್ನು ಬರೆದಿದ್ದಾರೆ. ಹಳೆಯ ರಿಜಿಸ್ಟರಿನಲ್ಲಿ ಬರೆಯುತ್ತಿದ್ದದ್ದೂ ನಿವ್ವಳವನ್ನೇ. ಸಾಫ್ಟ್‌ವೇರ್ ತನಗೆ ಕೊಟ್ಟ ಸಂಖ್ಯೆಯಿಂದ ನಿಯಮದಂತೆ 4.8 ಕಳೆದಿದೆ, ಅದರ ಲೆಕ್ಕದಲ್ಲಿ ತಪ್ಪಿಲ್ಲ.

ಸಿದ್ದಾಪುರದಲ್ಲಿ ಮೊದಲು ಹಾಕಿದ್ದು 331.0, ಸರಿಯಾದ ತೂಕ. ಉಳಿದ ನಿವ್ವಳ 327.0, ಅದೂ ಸರಿ. ಸುಮಾರು ನಲವತ್ತು ನಿಮಿಷದ ನಂತರ ದರ್ಜೆ ಬೆಟ್ಟೆ ಎಂದು ಹಾಕಿದ್ದನ್ನು ರಾಶಿ ಎಂದು ತಿದ್ದಿದ್ದಾರೆ. ಆ ತಿದ್ದುಪಡಿ ಉಳಿಯುವಾಗ ಸಾಫ್ಟ್‌ವೇರ್ ಒಟ್ಟು ತೂಕದಿಂದ ಕಳೆಯುವ ಬದಲು ಈಗಾಗಲೇ ಇದ್ದ ನಿವ್ವಳದಿಂದಲೇ ಮತ್ತೊಂದು ಸಲ ನಾಲ್ಕು ಕಿಲೋ ಕಳೆದಿದೆ. ಇದು ಅಪ್ಪಟ ಬಗ್. ಬಳಕೆದಾರರಿಗೆ ಎಷ್ಟು ತರಬೇತಿ ಕೊಟ್ಟರೂ ಇದು ಹೋಗುವುದಿಲ್ಲ.

ಡೆವಲಪರ್‌ಗೆ ಏಕೆ ಸಿಗಲಿಲ್ಲ ಎಂಬುದೂ ಇಲ್ಲೇ ಗೊತ್ತಾಗುತ್ತದೆ. ಅವರು ಅದೇ ಸಂಖ್ಯೆ ಹಾಕಿದರು, ಅದೇ ಕ್ರಮ ಹಿಡಿಯಲಿಲ್ಲ. ಹೊಸದಾಗಿ ಹಾಕಿ ಉಳಿಸಿದರೆ ತಪ್ಪು ಬರುವುದಿಲ್ಲ, ಉಳಿಸಿದ್ದನ್ನು ತೆರೆದು ತಿದ್ದಿದರೆ ಬರುತ್ತದೆ. ಮರುಕಳಿಸಿ ನೋಡುವುದೆಂದರೆ ಅದೇ ಪಾತ್ರದ ಲಾಗಿನ್, ಅದೇ ಡೇಟಾ, ಅದೇ ಹೆಜ್ಜೆಗಳು, ಅದೇ ಕ್ರಮ. ಅಡ್ಮಿನ್ ಲಾಗಿನ್‌ನಲ್ಲಿ ಪರೀಕ್ಷಿಸಿ ಸರಿಯಿದೆ ಎಂದರೆ ಅದು ಪರೀಕ್ಷೆಯೇ ಅಲ್ಲ.

ಶಾಖೆ ನೋಡಿ ತೀರ್ಪು ಕೊಡಬೇಡಿ

ಟಿಕೆಟ್‌ಗಳನ್ನು ಶಾಖೆವಾರು ಎಣಿಸಿದರೆ ಸಿದ್ದಾಪುರದ ದೂರು ಸಿದ್ದಾಪುರದಿಂದ ಮಾತ್ರ ಬರುತ್ತಿರುವುದು ಕಾಣುತ್ತದೆ. ಬೇರೆಲ್ಲೂ ಇಲ್ಲ, ಒಂದೇ ಶಾಖೆಯಲ್ಲಿ ಇದೆ ಎಂದಾಗ "ಅಲ್ಲಿಯವರು ಸರಿಯಾಗಿ ಕಲಿತಿಲ್ಲ" ಎಂದು ಹೇಳುವುದು ರೂಢಿ. ಸಾಫ್ಟ್‌ವೇರ್ ಎಲ್ಲ ಕಡೆ ಒಂದೇ ಅಲ್ಲವೇ, ಬಗ್ ಆಗಿದ್ದರೆ ಎಲ್ಲ ಕಡೆ ಬರಬೇಕಿತ್ತಲ್ಲ ಎಂಬ ತರ್ಕ. ಕೇಳಲು ಸರಿ ಅನಿಸುವ ಈ ತರ್ಕದಲ್ಲಿ ತೂತಿದೆ.

ಸಾಫ್ಟ್‌ವೇರ್ ಒಂದೇ ಆದರೂ ಕೆಲಸ ಮಾಡುವ ರೀತಿ ಶಾಖೆಯಿಂದ ಶಾಖೆಗೆ ಬೇರೆಯಾಗಿರಬಹುದು. ನಮ್ಮ ಉದಾಹರಣೆಯಲ್ಲಿ ಶಿರಸಿಯವರು ಮೊದಲು ಅಡಿಕೆ ನೋಡಿ ದರ್ಜೆ ನಿಗದಿ ಮಾಡಿ ಆಮೇಲೆ ತೂಗುತ್ತಾರೆ. ಸಿದ್ದಾಪುರದ ಚಿಕ್ಕ ಯಾರ್ಡಿನಲ್ಲಿ ಚೀಲ ಬಂದ ಕೂಡಲೇ ತೂಗಿ ರಾಶಿ, ಬೆಟ್ಟೆ ಅಂತ ಅಂದಾಜಿಗೆ ಹಾಕಿ, ದರ್ಜೆ ನೋಡುವವರು ಬಂದ ಮೇಲೆ ತಿದ್ದುತ್ತಾರೆ. ಶಿರಸಿಯಲ್ಲಿ ದರ್ಜೆ ತಿದ್ದುವ ಪ್ರಮೇಯ ಅಪರೂಪ, ಸಿದ್ದಾಪುರದಲ್ಲಿ ದಿನನಿತ್ಯದ್ದು. ಆ ಬಗ್ ಸಾಫ್ಟ್‌ವೇರ್‌ನಲ್ಲಿ ಎಲ್ಲ ಕಡೆ ಇದೆ, ಅದರ ದಾರಿಯಲ್ಲಿ ನಡೆಯುವವರು ಮಾತ್ರ ಒಂದು ಕಡೆ ಇದ್ದಾರೆ. ಗೋ-ಲೈವ್ ಮೊದಲಿನ ಪರೀಕ್ಷೆಯಲ್ಲಿ ಇದು ಸಿಗದಿದ್ದದ್ದಕ್ಕೂ ಕಾರಣ ಅದೇ. ಪರೀಕ್ಷೆಗೆ ಕುಳಿತವರು ಶಿರಸಿಯವರು.

ಶಿರಸಿಯ ತಪ್ಪು ಮಾಡಿದವರು ಹೊಸಬರು ಎಂದುಕೊಂಡರೆ ಅದೂ ಸರಿಯಲ್ಲ. ನಿವ್ವಳವನ್ನು ಬಾಯಲ್ಲೇ ಲೆಕ್ಕ ಹಾಕಿ ಬರೆಯುವುದು ವರ್ಷಗಟ್ಟಲೆ ತಕ್ಕಡಿ ಮುಂದೆ ಕುಳಿತವರಿಗೆ ಬಂದ ಕಲೆ. ಹೊಸಬರು ತಕ್ಕಡಿಯಲ್ಲಿ ಕಂಡದ್ದನ್ನು ಹಾಗೇ ಟೈಪ್ ಮಾಡುತ್ತಾರೆ, ಅವರದ್ದು ಸರಿಯಾಗುತ್ತದೆ. ತರಬೇತಿ ಕೊರತೆ ಎಂದರೆ ಬುದ್ಧಿ ಕೊರತೆ ಅಲ್ಲ. ಹಳೆಯ ಕೆಲಸ ಚೆನ್ನಾಗಿ ಗೊತ್ತಿದ್ದವರೇ ಹೊಸ ಪರದೆಯಲ್ಲಿ ಎಡವುವುದು ಹೆಚ್ಚು. ಟಿಕೆಟ್‌ನಲ್ಲಿ "ಯೂಸರ್ ಎರರ್" ಎಂದು ಬರೆಯುವ ಅಭ್ಯಾಸ ಬಿಡಬೇಕು. ಆ ಟಿಕೆಟ್ ಅವರೂ ಓದುತ್ತಾರೆ. ಹಾಗೆ ಒಮ್ಮೆ ಓದಿದವರು ಮುಂದೆ ದೂರನ್ನೇ ಕೊಡದೆ ಮೇಜಿನ ಕೆಳಗೆ ಹಳೆಯ ನೋಟ್‌ಬುಕ್ ಇಟ್ಟುಕೊಳ್ಳುತ್ತಾರೆ. ಟಿಕೆಟ್ ಎಣಿಕೆ ಇಳಿಯಿತು ಎಂದು ಸಂತೋಷಪಡುವ ಮೊದಲು ಅದನ್ನೊಂದು ನೋಡಿಕೊಳ್ಳಿ.

ಎಷ್ಟು ಲಾಟ್‌ಗೆ ತಗುಲಿದೆ?

ಕಾರಣ ಸಿಕ್ಕಿತು. ಮುಂದಿನ ಪ್ರಶ್ನೆ, ದೂರು ಬಾರದ ಎಷ್ಟು ಲಾಟ್‌ಗಳಲ್ಲಿ ಇದು ಕುಳಿತಿದೆ? ಬಗ್‌ಗೂ ತರಬೇತಿ ಕೊರತೆಗೂ ಇರುವ ವ್ಯತ್ಯಾಸ ಇಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಬಗ್‌ನಿಂದಾದ ತಪ್ಪನ್ನು ಡೇಟಾಬೇಸ್‌ನಲ್ಲೇ ಹುಡುಕಬಹುದು:

```sql
SELECT lot_no, gross_kg, bags, net_kg
FROM lot_weight
WHERE ABS(net_kg - (gross_kg - bags * 0.8)) > 0.05;
```

ಒಟ್ಟು ತೂಕ, ಚೀಲ, ನಿವ್ವಳ ಈ ಮೂರರ ಲೆಕ್ಕ ಎಲ್ಲಿ ಕೂಡುವುದಿಲ್ಲವೋ ಆ ಲಾಟ್‌ಗಳೆಲ್ಲ ಬರುತ್ತವೆ. ದಶಾಂಶದ ಸಣ್ಣ ವ್ಯತ್ಯಾಸ ಬರಬಾರದೆಂದು 0.05ರ ಮಿತಿ ಇಟ್ಟಿದೆ. ಸಿದ್ದಾಪುರದ S-118 ಇದರಲ್ಲಿ ಸಿಕ್ಕಿಬೀಳುತ್ತದೆ, ಏಕೆಂದರೆ 331.0ರಲ್ಲಿ 4 ಕಳೆದರೆ 323.0 ಆಗುವುದಿಲ್ಲ.

ಶಿರಸಿಯ R-212 ಸಿಗುವುದಿಲ್ಲ. ಅಲ್ಲಿ ಒಟ್ಟು ತೂಕ ಎಂದು ಉಳಿದದ್ದೇ 387.6, ಅದರಲ್ಲಿ 4.8 ಹೋದರೆ 382.8. ಲೆಕ್ಕ ಕೂಡುತ್ತದೆ. ತಪ್ಪು ಕೊಟ್ಟದ್ದರಲ್ಲೇ ಇರುವುದರಿಂದ ಡೇಟಾಬೇಸ್‌ನ ಒಳಗೆ ಯಾವ ವಿರೋಧವೂ ಇಲ್ಲ. ಬಳಸುವವರ ತಪ್ಪು ಕಂಪ್ಯೂಟರ್‌ನ ಕಣ್ಣಿಗೆ ಬೀಳದಿರುವುದು ಈ ಕಾರಣಕ್ಕೇ. ಹುಡುಕಬೇಕಾದರೆ ಹೊರಗಿನ ಸಾಕ್ಷಿ ಬೇಕು, ಇಲ್ಲಿ ಅದು ತಕ್ಕಡಿ ಚೀಟಿ. ಹೊಸ ಸಾಫ್ಟ್‌ವೇರ್ ಬಂತೆಂದು ಮೊದಲ ದಿನವೇ ಕಾಗದದ ಚೀಟಿ ನಿಲ್ಲಿಸಿದರೆ ಇದಕ್ಕೆ ದಾರಿಯೇ ಉಳಿಯುವುದಿಲ್ಲ. ಹೈಪರ್‌ಕೇರ್ ಮುಗಿಯುವವರೆಗಾದರೂ ಚೀಟಿ ಪುಸ್ತಕ ನಡೆಯಬೇಕು. ಲಾಗಿನ್‌ವಾರು ಪಟ್ಟಿ ತೆಗೆದು, srs04ರಿಂದ ಆದ ಲಾಟ್‌ಗಳನ್ನು ಚೀಟಿಯೊಂದಿಗೆ ಒಂದೊಂದಾಗಿ ತಾಳೆ ನೋಡಬೇಕು. ಉಳಿದ ಲಾಗಿನ್‌ಗಳಿಂದ ಹತ್ತಿಪ್ಪತ್ತು ಲಾಟ್ ಆರಿಸಿ ನೋಡಿದರೆ ಈ ಅಭ್ಯಾಸ ಮತ್ತಾರಿಗೆ ಇದೆ ಎಂದು ತಿಳಿಯುತ್ತದೆ.

ತಿದ್ದುವುದರಲ್ಲಿ ಅವಸರ ಮಾಡಿದರೆ ಎರಡನೇ ಸಮಸ್ಯೆ ಹುಟ್ಟುತ್ತದೆ. ಡೇಟಾಬೇಸ್‌ಗೆ ನೇರ ಹೋಗಿ ನಿವ್ವಳವನ್ನು ಬದಲಿಸಿಬಿಟ್ಟರೆ ಪರದೆಯಲ್ಲಿ ಸರಿ ಕಾಣುತ್ತದೆ. ಲೆಕ್ಕಪರಿಶೋಧನೆಗೆ ಬಂದವರಿಗೆ ಮಾತ್ರ ಬಿಲ್ಲಿನ ಮೊತ್ತಕ್ಕೂ ಲಾಟ್‌ಗೂ ಹೊಂದಾಣಿಕೆ ಸಿಗುವುದಿಲ್ಲ. ಬಿಲ್ ಆಗದ ಲಾಟ್ ಆದರೆ ರದ್ದು ಮಾಡಿ ಸರಿಯಾಗಿ ಮತ್ತೆ ಹಾಕಿದರೆ ಸಾಕು. ಬಿಲ್ ಆಗಿ ಹಣವೂ ಹೋಗಿದ್ದರೆ ಪೂರಕ ಬಿಲ್ ಬೇಕು. ಕ್ವಿಂಟಲ್‌ಗೆ 45,000 ರೂಪಾಯಿ ದರ ಎಂದು ಹಿಡಿದರೆ ಸಿದ್ದಾಪುರದ ಆ ನಾಲ್ಕು ಕಿಲೋಗೆ 1,800 ರೂಪಾಯಿ ರೈತರಿಗೆ ಹೆಚ್ಚುವರಿ ಕೊಡಬೇಕು. ಇಲ್ಲಿಗೆ ನಿಲ್ಲುವವರೇ ಹೆಚ್ಚು. ಆದರೆ ಖರೀದಿದಾರರಿಗೆ ಹೋದ ಅಡಿಕೆ 327 ಕಿಲೋ, ಅವರ ಬಿಲ್ ಆದದ್ದು 323ಕ್ಕೆ. ಅವರಿಂದಲೂ ಆ ನಾಲ್ಕು ಕಿಲೋ ಹಣ ಡೆಬಿಟ್ ನೋಟ್ ಮೂಲಕ ಬರಬೇಕು, ಅದರ ಮೇಲಿನ ಜಿಎಸ್‌ಟಿ ಸಮೇತ. ಮೊತ್ತದ ಮೇಲೆ ಹಾಕುವ ಕಮಿಷನ್ ಬದಲಾಗುತ್ತದೆ. ಚೀಲದ ಲೆಕ್ಕದಲ್ಲಿ ಕೊಡುವ ಹಮಾಲಿ ಬದಲಾಗುವುದಿಲ್ಲ. ಈ ಪಟ್ಟಿಯನ್ನು ಸಂಘದ ಲೆಕ್ಕಿಗರು ನೋಡಿ ಸಹಿ ಮಾಡದೆ ಯಾವ ತಿದ್ದುಪಡಿಯೂ ಆಗಬಾರದು.

ಒಂದಕ್ಕೆ ಪ್ಯಾಚ್, ಒಂದಕ್ಕೆ ಏನು?

ಸಿದ್ದಾಪುರದ ಬಗ್‌ಗೆ ಕೋಡ್ ಬದಲಾಗಬೇಕು. ತಿದ್ದುಪಡಿ ಒಂದು ಸಾಲಿನದ್ದೇ ಇರಬಹುದು, ಪರೀಕ್ಷೆ ಒಂದು ಸಾಲಿನದ್ದಲ್ಲ. ಹೊಸ ಲಾಟ್, ದರ್ಜೆ ತಿದ್ದಿದ ಲಾಟ್, ಎರಡು ಸಲ ತಿದ್ದಿದ ಲಾಟ್, ಚೀಲದ ಸಂಖ್ಯೆ ತಿದ್ದಿದ ಲಾಟ್, ರದ್ದಾದ ಲಾಟ್, ಇಷ್ಟನ್ನು ತೂಕದಿಂದ ಬಿಲ್ಲಿನವರೆಗೆ ನಡೆಸಿ ನೋಡಬೇಕು. ಪ್ಯಾಚ್ ಬರುವವರೆಗೆ ಸಿದ್ದಾಪುರದವರಿಗೆ ತಾತ್ಕಾಲಿಕ ದಾರಿ ಹೇಳಬೇಕು: ದರ್ಜೆ ತಿದ್ದಬೇಡಿ, ಲಾಟ್ ರದ್ದು ಮಾಡಿ ಹೊಸದಾಗಿ ಹಾಕಿ. ಪ್ಯಾಚ್ ಹಾಕುವುದು ಟೆಂಡರ್ ಮುಗಿದ ಮೇಲೆ ಸಂಜೆಗೆ. ಬೆಳಿಗ್ಗೆ ಲಾಟ್ ಬರುವ ಹೊತ್ತಿಗೆ ಪ್ಯಾಚ್ ಹಾಕಿ ಅದೇ ಕೈಕೊಟ್ಟರೆ ಇಡೀ ದಿನದ ವ್ಯವಹಾರ ಕೈ ತಪ್ಪುತ್ತದೆ.

ಶಿರಸಿಯದ್ದಕ್ಕೆ ಎಲ್ಲರನ್ನೂ ಕರೆದು ಮತ್ತೆ ಎರಡು ಗಂಟೆ ಪ್ರೊಜೆಕ್ಟರ್ ಮುಂದೆ ಕೂರಿಸುವುದು ದಂಡ. ಅವರಿಗೆ ಗೊತ್ತಿಲ್ಲದ್ದು ಒಂದೇ ಕಲಂನ ವಿಷಯ. ಅವರ ಮೇಜಿನ ಬಳಿಯೇ ನಿಂತು, ಅವರದ್ದೇ ಲಾಟ್ ಒಂದನ್ನು ಹಾಕಿಸಿ, ಚೀಲ ಸಮೇತ ತೂಕ ಹಾಕಿದರೆ ಸಾಫ್ಟ್‌ವೇರ್ ಹೇಗೆ ಕಳೆಯುತ್ತದೆಂದು ತೋರಿಸಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಎರಡು ದಿನ ಬಿಟ್ಟು ಅವರ ಲಾಟ್‌ಗಳನ್ನು ಚೀಟಿಯೊಂದಿಗೆ ಮತ್ತೆ ತಾಳೆ ನೋಡಿ ಆಮೇಲಷ್ಟೇ ಟಿಕೆಟ್ ಮುಚ್ಚಬೇಕು. "ಹೇಳಿದ್ದೇವೆ" ಎಂಬುದು ಟಿಕೆಟ್ ಮುಚ್ಚಲು ಕಾರಣವಾಗುವುದಿಲ್ಲ.

ಆದರೆ ಆ ಪರದೆಯನ್ನೂ ಒಮ್ಮೆ ನೋಡಬೇಕು. ಕಲಂನ ಹೆಸರು ಬರೀ "ತೂಕ (ಕೆ.ಜಿ.)" ಎಂದಿದ್ದರೆ ಯಾವ ತೂಕ ಎಂದು ಯಾರಿಗೆ ಗೊತ್ತಾಗಬೇಕು? ಒಂದೇ ತಪ್ಪನ್ನು ಒಬ್ಬರು ಮಾಡಿದರೆ ಅವರ ಬಳಿ ಹೋಗಿ ಹೇಳಿಕೊಡಬಹುದು. ಪರಸ್ಪರ ಸಂಬಂಧವಿಲ್ಲದ ಮೂರು ನಾಲ್ಕು ಜನ ಅದೇ ತಪ್ಪು ಮಾಡಿದರೆ ಪರದೆಯೇ ತಪ್ಪು ದಾರಿ ತೋರಿಸುತ್ತಿದೆ ಎಂದು ತಿಳಿಯಬೇಕು. "ಚೀಲ ಸಮೇತ ತೂಕ" ಎಂದು ಬದಲಿಸಿ, ಪಕ್ಕದಲ್ಲಿ "ಚೀಲ: 4.8, ನಿವ್ವಳ: 387.6" ಎಂದು ಉಳಿಸುವ ಮೊದಲೇ ತೋರಿಸಿದರೆ ಹಳಬರಿಗೆ ಕೂಡಲೇ ಹೊಳೆಯುತ್ತದೆ. ನಿವ್ವಳ ಎಷ್ಟೆಂದು ಅವರಿಗೆ ಮನಸ್ಸಿನಲ್ಲೇ ಗೊತ್ತಿರುತ್ತದಲ್ಲ. ಇದನ್ನು ಬಗ್ ಎಂದು ದಾಖಲಿಸಬೇಕೋ ಬೇಡಿಕೆ ಎಂದೋ ಎಂದು ಗುತ್ತಿಗೆಯ ಲೆಕ್ಕದಲ್ಲಿ ಜಗಳ ಬರುತ್ತದೆ, ಏಕೆಂದರೆ ಬಗ್ ಆದರೆ ಉಚಿತ, ಬೇಡಿಕೆ ಆದರೆ ದುಡ್ಡು. ಹೈಪರ್‌ಕೇರ್‌ಗೆ ಮೊದಲೇ ಇಂಥ ಲೇಬಲ್, ಎಚ್ಚರಿಕೆ ಸಂದೇಶದ ಬದಲಾವಣೆಗಳಿಗೆಂದು ಇಷ್ಟು ಗಂಟೆ ಎಂದು ತೆಗೆದಿಟ್ಟುಕೊಂಡಿದ್ದರೆ ಆ ಜಗಳ ಇರುವುದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದೂ ಒಂದಿದೆ, ತರಬೇತಿಯ ಹೆಸರಲ್ಲಿ ಅಡಗಿ ಕೂರುವ ಬಗ್. ಮಳೆ ಹಿಡಿದರೆ ಕುಮಟಾ ಶಾಖೆಯಲ್ಲಿ ನೆಟ್‌ವರ್ಕ್ ಕುಂಟುತ್ತದೆ ಎನ್ನಿ. "ಉಳಿಸಿ" ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತದೆ. ಬಳಕೆದಾರರು ಇನ್ನೊಂದು ಸಲ ಒತ್ತುತ್ತಾರೆ, ರಶೀದಿ ಎರಡಾಗುತ್ತದೆ. "ಎರಡು ಸಲ ಒತ್ತಬೇಡಿ" ಎಂದು ಬೋರ್ಡ್ ಬರೆದು ಅಂಟಿಸಿ ತರಬೇತಿ ಎಂದು ಟಿಕೆಟ್ ಮುಚ್ಚುವುದನ್ನು ಎಷ್ಟೋ ಕಡೆ ಕಾಣಬಹುದು. ಇದು ಬಗ್. ಒಂದೇ ರಶೀದಿ ಎರಡು ಸಲ ಬಂದರೆ ಎರಡನೆಯದನ್ನು ಗುರುತಿಸಿ ಕೈಬಿಡುವುದು, ಉಳಿಸುವಾಗ ಬಟನ್ ಮಂಕಾಗಿಸುವುದು ಸಾಫ್ಟ್‌ವೇರ್ ಮಾಡಬೇಕಾದ ಕೆಲಸ. ಸಹಜವಾಗಿ ಯಾರಾದರೂ ಮಾಡುವ ಒಂದು ಕ್ರಿಯೆಯಿಂದ ಹಣದ ಲೆಕ್ಕ ಕೆಡುವುದಾದರೆ ಅದನ್ನು ಬೋರ್ಡ್ ಬರೆದು ಸರಿಪಡಿಸಲಾಗದು.

ಸಂಜೆಯ ಹದಿನೈದು ನಿಮಿಷ

ದಿನದ ವ್ಯವಹಾರ ಮುಗಿದ ಮೇಲೆ ಹದಿನೈದು ನಿಮಿಷ ಕೂರಬೇಕು. ಸಂಘದ ಕಡೆಯಿಂದ ಯಾರ್ಡಿನ ಕೆಲಸ ಬಲ್ಲ ಒಬ್ಬರು, ಸಾಫ್ಟ್‌ವೇರ್ ಕಡೆಯಿಂದ ಒಬ್ಬರು ಇರಲೇಬೇಕು, ವರ್ಗ ಯಾವುದೆಂದು ಇಬ್ಬರೂ ಒಪ್ಪಬೇಕು. ಒಬ್ಬರ ಕೈಗೆ ಬಿಟ್ಟರೆ ಸಾಫ್ಟ್‌ವೇರ್‌ನವರಿಗೆ ಎಲ್ಲವೂ ತರಬೇತಿ ಕೊರತೆಯಾಗಿ ಕಾಣುತ್ತದೆ, ಸಂಘದವರಿಗೆ ಎಲ್ಲವೂ ಬಗ್ ಆಗಿ ಕಾಣುತ್ತದೆ. ಒಪ್ಪಿಗೆ ಆಗದಿದ್ದರೆ ಮೂರು ಸಂಖ್ಯೆಗಳು ಎಲ್ಲಿವೆ ಎಂದು ಕೇಳಿದರೆ ಮಾತು ಬೇಗ ಮುಗಿಯುತ್ತದೆ.

ಒಟ್ಟು ಟಿಕೆಟ್ ಎಷ್ಟು ಎಂಬ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಮುಚ್ಚಿ ಮತ್ತೆ ತೆರೆದ ಟಿಕೆಟ್ ಎಷ್ಟು ಎಂಬುದನ್ನು ನೋಡಬೇಕು. ತರಬೇತಿ ಎಂದು ಮುಚ್ಚಿದ್ದು ಮತ್ತೆ ತೆರೆದುಕೊಂಡರೆ ಒಳಗೆ ಬಗ್ ಇರುವ ಸಾಧ್ಯತೆ ಹೆಚ್ಚು. "ಮರುಕಳಿಸಲಾಗಲಿಲ್ಲ" ಎಂದು ಡೆವಲಪರ್ ಮುಚ್ಚಿದ್ದು ಮತ್ತೆ ತೆರೆದರೆ ಯಾರೂ ಆ ಶಾಖೆಗೆ ಹೋಗಿ ಪಕ್ಕದಲ್ಲಿ ಕುಳಿತು ನೋಡಿಲ್ಲ ಎಂದರ್ಥ. ಶಿರಸಿಯಿಂದ ಸಿದ್ದಾಪುರಕ್ಕೆ ಬಸ್ಸಿನಲ್ಲಿ ಹೋಗಿ ಬರುವುದಕ್ಕೆ ಅರ್ಧ ದಿನ ಸಾಕು. ಫೋನಿನಲ್ಲಿ ಮೂರು ದಿನ ಮಾತಾಡುವುದಕ್ಕಿಂತ ಅದು ಅಗ್ಗ.

ಹೈಪರ್‌ಕೇರ್ ಮುಗಿಸುವ ದಿನವನ್ನು ಕ್ಯಾಲೆಂಡರ್ ನೋಡಿ ನಿಗದಿ ಮಾಡಿದರೆ ಒಂದು ಅಪಾಯ ಇದೆ. ಮೊದಲ ದರ್ಜೆಯ ಟಿಕೆಟ್ ಒಂದೂ ಬಾಕಿ ಇಲ್ಲ, ಒಂದು ತಿಂಗಳ ಲೆಕ್ಕ ಹೊಸ ಸಾಫ್ಟ್‌ವೇರ್‌ನಲ್ಲೇ ಮುಗಿದಿದೆ, ಮತ್ತೆ ತೆರೆಯುವ ಟಿಕೆಟ್ ಬೆರಳೆಣಿಕೆಗೆ ಇಳಿದಿದೆ ಎಂಬಷ್ಟಾದರೂ ಆಗಿರಬೇಕು. ಅದರ ಮೇಲೂ, ಇನ್ನೂ ಒಮ್ಮೆಯೂ ನಡೆಯದ ಕೆಲಸಗಳ ಪಟ್ಟಿಯೊಂದು ಬೇಕು. ಏಪ್ರಿಲ್‌ನಲ್ಲಿ ಶುರುವಾದ ವ್ಯವಸ್ಥೆಯಲ್ಲಿ ಮೇ ಕೊನೆಗೆ ಸದಸ್ಯರ ಸಾಲದ ಅರ್ಧವಾರ್ಷಿಕ ಬಡ್ಡಿ ಹಾಕಿರುವುದಿಲ್ಲ, ವರ್ಷದ ಕೊನೆಯ ಲೆಕ್ಕ ಮುಚ್ಚಿರುವುದಿಲ್ಲ, ಲಾಭಾಂಶ ಹಂಚಿರುವುದಿಲ್ಲ, ಹೊಸ ಕೊಯ್ಲಿನ ಅಡಿಕೆ ಒಟ್ಟಿಗೆ ಬಂದು ಬೀಳುವ ದಿನಗಳ ಒತ್ತಡವನ್ನೂ ಕಂಡಿರುವುದಿಲ್ಲ. ಆ ಪ್ರತಿಯೊಂದಕ್ಕೂ ದಿನಾಂಕ ಬರೆದು, ಆ ದಿನ ಸಾಫ್ಟ್‌ವೇರ್ ಕಡೆಯಿಂದ ಯಾರು ಸಿದ್ಧರಿರುತ್ತಾರೆ, ಮುಂಚೆ ಪರೀಕ್ಷಾ ಸರ್ವರ್‌ನಲ್ಲಿ ಒಮ್ಮೆ ನಡೆಸಿ ನೋಡುವವರು ಯಾರು ಎಂದು ಹಸ್ತಾಂತರದ ಪತ್ರದಲ್ಲೇ ಸೇರಿಸಿ ಎರಡೂ ಕಡೆಯವರು ಸಹಿ ಮಾಡಬೇಕು. ಅದರ ಜೊತೆಗೆ ಲಾಟ್ ತಿದ್ದುವ ದಾರಿ, ಪೂರಕ ಬಿಲ್ ಮಾಡುವ ಕ್ರಮ, ಮೇಲಿನ ಕ್ವೆರಿ ಇವೆಲ್ಲ ಮಾಮೂಲಿ ಸಪೋರ್ಟ್‌ನವರ ಕೈಗೆ ಬರಹದಲ್ಲಿ ಹೋಗಬೇಕು.